‘ಲ’ ಬಂದರೆ ಭೂತಕಾಲ ಅಂತ ಅಲ್ಲ: ಮ್ಯಾಂಡರಿನ್‌ನ ಲ, ಗ್ವೊ, ಝ

ಪ್ರಶ್ನೆ: ಸರ್, ಕೆಲಸದ ಮೇಲೆ ಶೆನ್‌ಝೆನ್‌ಗೆ ಬಂದಿದ್ದೇನೆ, ಸಂಜೆ ಮ್ಯಾಂಡರಿನ್ ಕ್ಲಾಸಿಗೆ ಹೋಗ್ತೀನಿ. ಇಲ್ಲಿ ಕ್ರಿಯಾಪದಕ್ಕೆ ಕಾಲ ಇಲ್ಲ, ‘ಲ’ ಸೇರಿಸಿದ್ರೆ ಭೂತಕಾಲ ಆಗುತ್ತೆ ಅಂತ ತಿಳ್ಕೊಂಡಿದ್ದೆ. ಹೋಂವರ್ಕ್‌ಗೆ ಹೀಗೆ ಬರೆದೆ: “ನಿನ್ನೆ ತುಂಬಾ ಚಳಿ ಇತ್ತು. ನಾನು ಮಾರ್ಕೆಟ್ಟಿಗೆ ಹೋಗಿ ಮೂರು ಶರ್ಟ್ ತಗೊಂಡೆ. ಶೂ ತಗೊಳ್ಳಲಿಲ್ಲ. ಅಂಗಡಿಯವರು ತುಂಬಾ ಅಗ್ಗ ಅಂದ್ರು. ಹೊಸ ಶರ್ಟ್ ಹಾಕ್ಕೊಂಡು ಮನೆಗೆ ಬಂದೆ.” ಎಲ್ಲಾ ಕ್ರಿಯಾಪದಕ್ಕೂ ಒಂದೊಂದು ‘ಲ’, ಒಟ್ಟು ಏಳು. ಟೀಚರ್ ನಾಲ್ಕನ್ನು ಹೊಡೆದು ಹಾಕಿದ್ರು, ಒಂದನ್ನು ‘ಝ’ ಮಾಡಿದ್ರು. ಎಲ್ಲವೂ ನಿನ್ನೆಯದೇ ಅಲ್ವಾ? ಮತ್ತೆ ಈ ‘ಗ್ವೊ’ಗೂ ‘ಲ’ಗೂ ಏನು ವ್ಯತ್ಯಾಸ?

ಉತ್ತರ:

ನಿಮ್ಮ ಟೀಚರ್ ಮಾಡಿದ್ದು ಪೂರ್ತಿ ಸರಿ. ಅವರು ಹೊಡೆದ ಒಂದೊಂದು ‘ಲ’ಕ್ಕೂ ಬೇರೆ ಬೇರೆ ಕಾರಣ ಇದೆ. ಆ ಕಾರಣಗಳನ್ನು ಹಿಡಿದುಕೊಂಡು ಹೋದರೆ ಮೂರೂ ಪದಗಳ ಕೆಲಸ ಗೊತ್ತಾಗುತ್ತದೆ. ಹಾಗಾಗಿ ನಿಮ್ಮ ಹೋಂವರ್ಕನ್ನೇ ಎದುರಿಗೆ ಇಟ್ಟುಕೊಳ್ಳೋಣ.

ಮೊದಲು ಒಂದು ಮಾತು. ಚೀನೀ ಪದಗಳನ್ನು ಇಲ್ಲಿ ಕನ್ನಡದಲ್ಲಿ ಬರೆಯುತ್ತಿದ್ದೇನೆ, ಸ್ವರದ ಏರಿಳಿತ ಗುರುತು ಮಾಡಿಲ್ಲ. ಅದನ್ನು ನಿಮ್ಮ ಪುಸ್ತಕದಲ್ಲಿ ನೋಡಿಕೊಳ್ಳಿ. ಲ, ಗ್ವೊ, ಝ ಈ ಮೂರನ್ನೂ ಕ್ರಿಯಾಪದದ ಬಾಲದಂತೆ ಒತ್ತಿಲ್ಲದೆ ಹಗುರವಾಗಿ ಹೇಳುತ್ತಾರೆ.

ಕನ್ನಡದಲ್ಲಿ ಒಂದು ಘಟನೆ ಯಾವಾಗ ನಡೆಯಿತು ಅನ್ನೋದು ಕ್ರಿಯಾಪದದ ಒಳಗೇ ಇರುತ್ತದೆ: ಹೋದೆ, ಹೋಗ್ತೀನಿ. ಮ್ಯಾಂಡರಿನ್‌ನಲ್ಲಿ ಎರಡಕ್ಕೂ ‘ಚ್ಯು’ ಅಷ್ಟೇ. ಯಾವಾಗ ಅನ್ನೋದನ್ನು ‘ದ್ಸ್ವೊತಿಯೆನ್’ ಅಂದರೆ ನಿನ್ನೆ, ‘ಮಿಂಗ್‌ತಿಯೆನ್’ ಅಂದರೆ ನಾಳೆ, ಇಂಥ ಪದಗಳು ಹೇಳುತ್ತವೆ. ಅವೂ ಇಲ್ಲದಿದ್ದರೆ ಮಾತಿನ ಸಂದರ್ಭ ಹೇಳುತ್ತದೆ. ಅಂದಮೇಲೆ ‘ಲ’ಕ್ಕೆ ಕಾಲ ಹೇಳುವ ಕೆಲಸವೇ ಇಲ್ಲ. ಅದು ಹೇಳೋದು ಬೇರೆ: ಈ ಕ್ರಿಯೆಗೆ ಒಂದು ಕೊನೆ ಇದೆ, ಅದು ಆಗಿ ಮುಗಿಯುವ ಒಂದು ಘಟನೆ. ಆ ಘಟನೆ ನಿನ್ನೆ ಆದರೂ ಸರಿ, ನಾಳೆ ಆಗೋದಿದ್ದರೂ ಸರಿ.

ನಾಳೆಯ ‘ಲ’ ನೋಡಿ. “ಮಿಂಗ್‌ತಿಯೆನ್ ವೊ ಛಿ ಲ ಫಾನ್ ಜಿಯು ಚ್ಯು ಝಾವ್ ನಿ.” ನಾಳೆ ನಾನು ಊಟ ಮಾಡಿದ ಮೇಲೆ ನಿನ್ನನ್ನು ನೋಡೋಕೆ ಬರ್ತೀನಿ. ಇನ್ನೂ ಅಕ್ಕಿಯನ್ನೇ ತೊಳೆದಿಲ್ಲ, ಆದರೂ ‘ಛಿ ಲ’ ಅಂತಾರೆ. ವಿಚಿತ್ರ ಅನ್ನಿಸಿದರೆ ನಮ್ಮ ಮಾತನ್ನೇ ಕೇಳಿ ನೋಡಿ. ‘ನಾಳೆ ಊಟ ಮಾಡಿದ ಮೇಲೆ’ ಅಂತೀವಿ. ‘ನಾಳೆ ಊಟ ಮಾಡುವ ಮೇಲೆ’ ಅಂತ ಯಾರೂ ಅನ್ನೋದಿಲ್ಲ. ಊಟ ನಾಳೆಯದು, ‘ಮಾಡಿದ’ ಮಾತ್ರ ಭೂತ. ಯಾಕೆಂದರೆ ಅಲ್ಲಿ ನಾವು ಇವತ್ತಿನಿಂದ ಲೆಕ್ಕ ಹಾಕ್ತಾ ಇಲ್ಲ. ಊಟ ಮುಗಿಯೋದು ಮೊದಲು, ಹೊರಡೋದು ಆಮೇಲೆ, ಅಷ್ಟೇ ಲೆಕ್ಕ. ಕ್ರಿಯಾಪದದ ಹಿಂದೆ ಬರುವ ‘ಲ’ ಯಾವಾಗಲೂ ಇದೇ ಲೆಕ್ಕದಲ್ಲಿ ನಡೆಯುತ್ತದೆ.

ಈಗ ಮೊದಲ ವಾಕ್ಯ. “ದ್ಸ್ವೊತಿಯೆನ್ ಹನ್ ಲಂಗ್”, ನಿನ್ನೆ ತುಂಬಾ ಚಳಿ. ನೀವು ಕೊನೆಗೆ ‘ಲ’ ಹಾಕಿದ್ದಿರಿ. ಚಳಿ ಒಂದು ಘಟನೆ ಅಲ್ಲ, ದಿನವಿಡೀ ಇದ್ದ ಒಂದು ಸ್ಥಿತಿ. ಅದು ಎಲ್ಲಿ ಶುರುವಾಯಿತು, ಎಲ್ಲಿ ಮುಗಿಯಿತು ಅನ್ನೋದು ನಿಮ್ಮ ಮಾತಿನಲ್ಲಿ ಇಲ್ಲ. ಹಾಗಾಗಿ ‘ಲ’ ಬೇಡ. ಕನ್ನಡದಲ್ಲಿ ‘ಇತ್ತು’ ಅನ್ನಲೇಬೇಕು, ಅದಕ್ಕೆ ಕೈ ತಾನಾಗಿ ‘ಲ’ ಬರೆಯಿತು. ಕನ್ನಡದವರ ಹೋಂವರ್ಕಿನಲ್ಲಿ ಅತಿ ಜಾಸ್ತಿ ಕಾಣುವ ತಪ್ಪು ಇದೇ ‘ಇತ್ತು’ ತಪ್ಪು. ‘ಆಗ ನಾನು ಮೈಸೂರಿನಲ್ಲಿ ಇದ್ದೆ’, ‘ಅವರು ನಮ್ಮ ಮೇಷ್ಟ್ರಾಗಿದ್ರು’, ‘ನನಗೆ ಅದು ಇಷ್ಟ ಇತ್ತು’, ಇವು ಯಾವುದಕ್ಕೂ ಮ್ಯಾಂಡರಿನ್‌ನಲ್ಲಿ ‘ಲ’ ಬರೋದಿಲ್ಲ. ದಿನಾ ಮಾಡುತ್ತಿದ್ದ ಕೆಲಸಕ್ಕೂ ಹಾಗೇ. ‘ಚಿಕ್ಕವನಿದ್ದಾಗ ದಿನಾ ಈಜೋಕೆ ಹೋಗ್ತಿದ್ದೆ’ ಅನ್ನೋಕೆ “ಶಿಯಾವ್ ಷಿಹೌ ವೊ ಮೆಯ್‌ತಿಯೆನ್ ಚ್ಯು ಯೌಯುಂಗ್” ಸಾಕು. ಮೂವತ್ತು ವರ್ಷ ಹಿಂದಿನ ಮಾತಾದರೂ ‘ಲ’ ಇಲ್ಲ. ಯಾಕೆಂದರೆ ಅದು ಒಂದು ಸಲ ಆಗಿ ಮುಗಿದ ಘಟನೆ ಅಲ್ಲ.

ಎರಡನೇ ವಾಕ್ಯದಲ್ಲಿ ನೀವು ಎರಡು ‘ಲ’ ಹಾಕಿದ್ದಿರಿ, ‘ಹೋದೆ’ಗೆ ಒಂದು, ‘ತಗೊಂಡೆ’ಗೆ ಒಂದು. ಸರಿಯಾದದ್ದು ಹೀಗೆ: “ವೊ ಚ್ಯು ಷಿಛಾಂಗ್ ಮಾಯ್ ಲ ಸಾನ್ ಜಿಯೆನ್ ಛನ್‌ಷಾನ್.” ಹೋಗೋದು, ಕೊಳ್ಳೋದು ಸೇರಿ ಒಂದೇ ಕೆಲಸ. ಕೊಳ್ಳೋದಕ್ಕಾಗಿಯೇ ಹೋದದ್ದು. ಇಂಥ ಜೋಡಿಯಲ್ಲಿ ‘ಲ’ ಕೊನೆಯ ಕ್ರಿಯಾಪದಕ್ಕೆ ಮಾತ್ರ. ನೀವೇ ಕನ್ನಡದಲ್ಲಿ ‘ಹೋಗಿ ತಗೊಂಡೆ’ ಅಂದಿದ್ದೀರಿ, ‘ಹೋದೆ ತಗೊಂಡೆ’ ಅಂದಿಲ್ಲ. ಅದೇ ಜಾಣತನ ಅಲ್ಲೂ ಬೇಕು. ಮೊದಲ ಕ್ರಿಯಾಪದಕ್ಕೆ ‘ಲ’ ಹಾಕಿದರೆ ಅದು ‘ಹೋದ ಮೇಲೆ’ ಅನ್ನೋ ಕಡೆ ವಾಲುತ್ತದೆ: “ವೊ ಚ್ಯು ಲ ಷಿಛಾಂಗ್ ಜಿಯು ಹ್ವೆಯ್ ಜಿಯಾ ಲ”, ಮಾರ್ಕೆಟ್ಟಿಗೆ ಹೋಗಿ, ಅದಾದ ತಕ್ಷಣ ಮನೆಗೆ ಬಂದೆ.

ಇದೇ ವಾಕ್ಯದಲ್ಲಿ ಇನ್ನೊಂದು ಸೂಕ್ಷ್ಮ ಇದೆ, ಪುಸ್ತಕಗಳು ಇದನ್ನು ತಡವಾಗಿ ಹೇಳುತ್ತವೆ. ‘ಮಾಯ್ ಲ’ ಆದಮೇಲೆ ‘ಮೂರು ಶರ್ಟ್’ ಅಂತ ಲೆಕ್ಕ ಇರೋದಕ್ಕೇ ವಾಕ್ಯ ಗಟ್ಟಿಯಾಗಿ ನಿಂತಿದೆ. ಲೆಕ್ಕ ತೆಗೆದು ಬರೀ “ವೊ ಮಾಯ್ ಲ ಛನ್‌ಷಾನ್” ಅಂತ ನಿಲ್ಲಿಸಿ ನೋಡಿ. ಕೇಳಿದವರು ಮುಂದೇನು ಅಂತ ನಿಮ್ಮ ಮುಖ ನೋಡುತ್ತಾರೆ. ಅವರ ಕಿವಿಗೆ ಅದು ‘ನಾನು ಶರ್ಟ್ ತಗೊಂಡು...’ ಅಂತ ಅರ್ಧಕ್ಕೆ ಬಿಟ್ಟ ಹಾಗೆ. “ವೊ ಛಿ ಲ ಫಾನ್” ಅಂತ ಸುಮ್ಮನಾದರೂ ಹಾಗೇ, ‘ನಾನು ಊಟ ಮಾಡಿ...’ ಅಂದಂತೆ. ‘ಲ’ ಕ್ರಿಯೆಗೆ ಒಂದು ಅಂಚು ಕೇಳುತ್ತದೆ. ಮೂರು ಶರ್ಟ್, ಎರಡು ಗಂಟೆ, ‘ಆ ಪುಸ್ತಕ’ ಹೀಗೆ ಏನಾದರೂ ಆ ಅಂಚು ಕೊಡಬೇಕು. ಅದಿಲ್ಲದಿದ್ದರೆ ಮುಂದೆ ಇನ್ನೊಂದು ಕ್ರಿಯೆ ಬರಬೇಕು, ಇಲ್ಲವೇ ‘ಲ’ವನ್ನೇ ವಾಕ್ಯದ ತುದಿಗೆ ಒಯ್ಯಬೇಕು: “ವೊ ಮಾಯ್ ಛನ್‌ಷಾನ್ ಲ.” ಇದು ಪೂರ್ತಿ ವಾಕ್ಯ. ತುದಿಯ ‘ಲ’ ಬಗ್ಗೆ ಮುಂದೆ ಹೇಳ್ತೀನಿ, ಅದರ ಸ್ವಭಾವ ಬೇರೆ.

ಒಂದು ಎಚ್ಚರಿಕೆ. ಕ್ರಿಯೆ ನಿಂತಿತು ಅಂದಮಾತ್ರಕ್ಕೆ ಕೆಲಸ ಪೂರ್ತಿಯಾಯಿತು ಅಂತ ‘ಲ’ ಗ್ಯಾರಂಟಿ ಕೊಡೋದಿಲ್ಲ. “ವೊ ದ್ಸ್ವೊತಿಯೆನ್ ಶಿಯೆ ಲ ಯಿ ಫಂಗ್ ಶಿನ್, ಕಷಿ ಮೆಯ್ ಶಿಯೆ ವಾನ್” ಅಂದರೆ ನಿನ್ನೆ ಒಂದು ಕಾಗದ ಬರೆದೆ, ಆದರೆ ಬರೆದು ಮುಗಿಸಲಿಲ್ಲ. ಇದನ್ನು ಸಲೀಸಾಗಿ ಒಪ್ಪುವ ಚೀನೀಯರು ಬಹಳ ಜನ ಇದ್ದಾರೆ, ಕೆಲವರಿಗೆ ಮಾತ್ರ ಸ್ವಲ್ಪ ಎಡವಿದ ಹಾಗೆ ಕೇಳಿಸುತ್ತದೆ. ‘ಮುಗಿಸಿದೆ’ ಅಂತಲೇ ಹೇಳಬೇಕಾದರೆ ‘ವಾನ್’ ಸೇರಿಸಬೇಕು: ‘ಶಿಯೆ ವಾನ್ ಲ’. ಆಫೀಸಿನಲ್ಲಿ ರಿಪೋರ್ಟ್ ಬಗ್ಗೆ ಯಾರಾದರೂ ಕೇಳಿದಾಗ ಇದು ನೆನಪಿರಲಿ. ಬರೀ ‘ಶಿಯೆ ಲ’ ಅಂದರೆ ಬರೆಯೋಕೆ ಕೂತದ್ದು ನಿಜ, ಅಷ್ಟೇ.

ಮೂರನೇ ವಾಕ್ಯ, ಶೂ. “ವೊ ಮೆಯ್ ಮಾಯ್ ಶಿಯೆ.” ‘ಮೆಯ್’ ಬಂದ ಕಡೆ ಕ್ರಿಯಾಪದದ ‘ಲ’ ಬಿದ್ದುಹೋಗುತ್ತದೆ. ಘಟನೆಯೇ ನಡೆದಿಲ್ಲ, ಇನ್ನು ಅದಕ್ಕೆ ಕೊನೆ ಎಲ್ಲಿಂದ? ಇಲ್ಲಿ ಕನ್ನಡ ನಿಮಗೆ ಸಹಾಯ ಮಾಡುತ್ತದೆ. ‘ಹೋಗಿಲ್ಲ’, ‘ಹೋಗಲಿಲ್ಲ’ ಅಂದಲ್ಲಿ ‘ಮೆಯ್ ಚ್ಯು’. ‘ಹೋಗಲ್ಲ’ ಅಂದಲ್ಲಿ ‘ಬು ಚ್ಯು’. ಈ ಎರಡನ್ನು ಬೆರೆಸುವ ತಪ್ಪನ್ನು ಕನ್ನಡದವರು ಅಷ್ಟಾಗಿ ಮಾಡೋದೇ ಇಲ್ಲ. ಆದರೆ ಯಾರಾದರೂ “ಸಾನ್ ತಿಯೆನ್ ಮೆಯ್ ಛಿ ಫಾನ್ ಲ” ಅಂದರೆ ಗಾಬರಿ ಬೇಡ. ಮೂರು ದಿನ ಆಯ್ತು ಊಟ ಮಾಡಿ ಅಂತ ಅರ್ಥ. ಅಲ್ಲಿರೋದು ತುದಿಯ ‘ಲ’, ಆ ಮೂರು ದಿನದ ಲೆಕ್ಕಕ್ಕೆ ಸೇರಿದ್ದು.

ನಾಲ್ಕನೇ ವಾಕ್ಯ, ಅಂಗಡಿಯವರ ಮಾತು. “ಲಾವ್‌ಬಾನ್ ಷ್ವೊ ಹನ್ ಪಿಯೆನ್‌ಯಿ.” ‘ಷ್ವೊ’ ಅಂದರೆ ಹೇಳು. ಯಾರು ಏನು ಹೇಳಿದರು ಅಂತ ಮಾತನ್ನೇ ಮುಂದೆ ಕೊಡುವಾಗ ‘ಷ್ವೊ’ಗೆ ‘ಲ’ ಹಾಕೋದಿಲ್ಲ. ಅಲ್ಲಿ ಗಮನ ಹೇಳಿದ ಮಾತಿನ ಮೇಲೆ, ಹೇಳುವ ಕೆಲಸ ಮುಗಿಯಿತೇ ಇಲ್ಲವೇ ಅನ್ನೋದರ ಮೇಲೆ ಅಲ್ಲ. ‘ತುಂಬಾ ಮಾತಾಡಿದ’ ಅನ್ನುವಾಗ ಬೇಕು: “ತಾ ಷ್ವೊ ಲ ಹನ್ ದ್ವೊ ಹ್ವಾ.” ಅಲ್ಲಿ ಮಾತಿಗೆ ಒಂದು ಅಳತೆ ಸಿಕ್ಕಿತು ನೋಡಿ.

ಐದನೆಯದಕ್ಕೆ ಹೋಗುವ ಮೊದಲು ತುದಿಯ ‘ಲ’. ಬರವಣಿಗೆಯಲ್ಲಿ ಎರಡಕ್ಕೂ ಒಂದೇ ಅಕ್ಷರ, ಮ್ಯಾಂಡರಿನ್‌ನಲ್ಲಿ ಉಚ್ಚಾರವೂ ಒಂದೇ. ಅದಕ್ಕೇ ಎಲ್ಲರೂ ಒದ್ದಾಡೋದು. ಎರಡೂ ಬೇರೆ ಅನ್ನೋಕೆ ನೀವಿರುವ ಗುವಾಂಗ್‌ಡಾಂಗ್‌ನಲ್ಲೇ ಸಾಕ್ಷಿ ಇದೆ. ಪಕ್ಕದ ಹಾಂಗ್‌ಕಾಂಗ್‌ಗೋ ಗುವಾಂಗ್‌ಝೌಗೋ ಹೋದರೆ ಅಲ್ಲಿನ ಕ್ಯಾಂಟನೀಸ್ ಕೇಳಿಸಿಕೊಳ್ಳಿ. ಅದರಲ್ಲಿ ಕ್ರಿಯಾಪದದ ಹಿಂದೆ ಬರೋದು ‘ಜೊ’, ವಾಕ್ಯದ ತುದಿಗೆ ಬರೋದು ‘ಲಾ’. ಮ್ಯಾಂಡರಿನ್‌ನಲ್ಲಿ ಮಾತ್ರ ಎರಡೂ ಒಂದೇ ವೇಷ ಹಾಕಿಕೊಂಡಿವೆ.

ತುದಿಯ ‘ಲ’ ಹೇಳೋದು: ಮೊದಲು ಹೀಗಿರಲಿಲ್ಲ, ಈಗ ಹೀಗಾಯ್ತು. ಇದಕ್ಕೆ ನಮ್ಮಲ್ಲಿ ‘ಆಯ್ತು’ ಅನ್ನೋ ಬಹಳ ಒಳ್ಳೆಯ ಜೊತೆ ಇದೆ. ‘ಝಿದಾವ್’ ಅಂದರೆ ಗೊತ್ತು, ‘ಝಿದಾವ್ ಲ’ ಅಂದರೆ ಗೊತ್ತಾಯ್ತು. ‘ದುಂಗ್ ಲ’, ಅರ್ಥ ಆಯ್ತು. “ವೊ ಅ ಲ”, ನನಗೆ ಹಸಿವಾಯ್ತು. “ಸಾನ್ ದಿಯೆನ್ ಲ”, ಗಂಟೆ ಮೂರಾಯ್ತು. “ತಿಯೆನ್ ಲಂಗ್ ಲ”, ಚಳಿ ಶುರುವಾಯ್ತು. ನಿಮ್ಮ ಮೊದಲ ವಾಕ್ಯಕ್ಕೆ ‘ಲ’ ಯಾಕೆ ಕೂರಲಿಲ್ಲ ಅಂತ ಇಲ್ಲಿ ಇನ್ನೂ ಚೆನ್ನಾಗಿ ಕಾಣುತ್ತದೆ. ನೀವು ಹೇಳಬೇಕಿದ್ದದ್ದು ಚಳಿ ‘ಇತ್ತು’, ಬರೆದದ್ದು ಚಳಿ ‘ಆಯ್ತು’.

ಹೋಟೆಲಿನಲ್ಲಿ ಒಂದು ಸಲ ಗಮನಿಸಿ. ಮೂಲೆಯ ಟೇಬಲ್‌ನಿಂದ ಯಾರೋ ಸಪ್ಲೈಯರ್‌ನ ಕರೆಯುತ್ತಾರೆ. ಅವನು ಇನ್ನೂ ಕೌಂಟರ್ ಹತ್ತಿರ ನಿಂತುಕೊಂಡೇ “ಲಾಯ್ ಲ, ಲಾಯ್ ಲ!” ಅಂತ ಕೂಗುತ್ತಾನೆ. ಒಂದು ಹೆಜ್ಜೆಯನ್ನೂ ಇಟ್ಟಿಲ್ಲ. ‘ಲ’ವನ್ನು ಭೂತಕಾಲ ಅಂದುಕೊಂಡವರಿಗೆ ಇದು ಸುಳ್ಳು. ನಮ್ಮ ದರ್ಶಿನಿಯ ಹುಡುಗನೂ ಒಳಗಿನಿಂದಲೇ ‘ಬಂದೆ, ಬಂದೆ!’ ಅಂತಾನಲ್ಲ, ಅದೇ ಇದು. ಸ್ಟಾಪಿನಲ್ಲಿ ನಿಂತವರು ತಿರುವಿನಲ್ಲಿ ಬಸ್ಸಿನ ಮುಖ ಕಂಡ ಕೂಡಲೇ ‘ಬಸ್ ಬಂತು’ ಅಂತಾರೆ, ಅವರು “ಛ ಲಾಯ್ ಲ” ಅಂತಾರೆ. ಮೊದಲ ನಾಲ್ಕು ಹನಿ ಬಿದ್ದಾಗ ‘ಮಳೆ ಬಂತು, ಬಟ್ಟೆ ತೆಗೀ’ ಅಂತೀವಿ, ಅವರು “ಶಿಯಾ ಯು ಲ” ಅಂತಾರೆ. ಮಳೆ ಮುಗಿದಿಲ್ಲ, ಈಗಷ್ಟೇ ಶುರು. ಪರಿಸ್ಥಿತಿ ಬದಲಾಯ್ತು ಅನ್ನೋದೇ ಸುದ್ದಿ.

ಈ ‘ಆಯ್ತು’ ಜೊತೆ ಎಲ್ಲ ಕಡೆ ಸಾಗೋದಿಲ್ಲ. ಚೀನೀ ಸಹೋದ್ಯೋಗಿಗಳ ಜೊತೆ ಊಟಕ್ಕೆ ಕೂತಾಗ ಮತ್ತೆ ಮತ್ತೆ ಗ್ಲಾಸ್ ತುಂಬಿಸುತ್ತಾರೆ. ಆಗ “ವೊ ಬು ಹ ಲ” ಅನ್ನಿ: ಇಲ್ಲಿಯವರೆಗೆ ಕುಡಿದೆ, ಇನ್ನು ಕುಡಿಯಲ್ಲ. ‘ಲ’ ಬಿಟ್ಟು ಬರೀ “ವೊ ಬು ಹ” ಅಂದರೆ ನಾನು ಕುಡಿಯೋದೇ ಇಲ್ಲ ಅಂದ ಹಾಗೆ, ಎರಡು ಗ್ಲಾಸ್ ಖಾಲಿ ಮಾಡಿದ ಮೇಲೆ ಅದನ್ನು ಯಾರು ನಂಬ್ತಾರೆ? ಹಾಗೇ “ಯಾವ್ ಶಿಯಾ ಯು ಲ” ಅಂದರೆ ಇನ್ನೇನು ಮಳೆ ಬರುತ್ತೆ. ಬದಲಾವಣೆ ಹೊಸಿಲ ಮೇಲೆ ನಿಂತಿದೆ, ಆದ್ದರಿಂದ ಆಗಲೂ ‘ಲ’.

ಎರಡೂ ‘ಲ’ ಒಂದೇ ವಾಕ್ಯದಲ್ಲಿ ಬರುವುದೂ ಉಂಟು. ನಿಮಗೆ ಇದು ಕೂಡಲೇ ಬೇಕಾಗುತ್ತದೆ, ಯಾಕೆಂದರೆ ಎಲ್ಲರೂ ಕೇಳುವ ಮೊದಲ ಪ್ರಶ್ನೆ ‘ಎಷ್ಟು ದಿನದಿಂದ ಚೈನೀಸ್ ಕಲೀತಿದ್ದೀರಿ?’ ಅಂತಲೇ. “ವೊ ಶ್ವೆ ಲ ಲಿಯಾಂಗ್ ನಿಯೆನ್ ಝುಂಗ್‌ವನ್” ಅಂದರೆ ಎರಡು ವರ್ಷ ಕಲಿತೆ. ಅಲ್ಲಿಗೆ ಲೆಕ್ಕ ನಿಂತಿತು. ಈಗ ಏನು ಅಂತ ಅದು ಹೇಳೋದಿಲ್ಲ. ಕೊನೆಗೆ ಇನ್ನೊಂದು ‘ಲ’ ಸೇರಿಸಿ “ವೊ ಶ್ವೆ ಲ ಲಿಯಾಂಗ್ ನಿಯೆನ್ ಝುಂಗ್‌ವನ್ ಲ” ಅಂದರೆ ಕಲಿಯೋಕೆ ಶುರು ಮಾಡಿ ಎರಡು ವರ್ಷ ಆಯ್ತು. ಇಲ್ಲೂ ‘ಆಯ್ತು’ ಬಂತು ನೋಡಿ. ಸಾಮಾನ್ಯವಾಗಿ ಇನ್ನೂ ಕಲಿಯುತ್ತಲೇ ಇದ್ದಾನೆ ಅಂತ ಕೇಳಿದವರು ತಿಳಿಯುತ್ತಾರೆ. ಇದೇ ಜಾಗದಲ್ಲಿ “ವೊ ಶ್ವೆ ಗ್ವೊ ಲಿಯಾಂಗ್ ನಿಯೆನ್ ಝುಂಗ್‌ವನ್” ಅಂದುಬಿಟ್ಟರೆ ಯಾವತ್ತೋ ಎರಡು ವರ್ಷ ಕಲಿತಿದ್ದೆ, ಈಗ ಬಿಟ್ಟಿದ್ದೇನೆ ಅನ್ನೋ ವಾಸನೆ. ಇಂಟರ್‌ವ್ಯೂನಲ್ಲಿ ಈ ಮೂರರಲ್ಲಿ ಯಾವುದನ್ನು ಹೇಳ್ತೀರಿ ಅನ್ನೋದು ಮುಖ್ಯ.

ಹಾಗೆ ‘ಗ್ವೊ’ಗೆ ಬಂದೆವು. ಇದು ಅನುಭವದ ಪದ. ಇಲ್ಲಿಯವರೆಗಿನ ಬದುಕಿನಲ್ಲಿ ಒಂದು ಸಲವಾದರೂ ಆಗಿದೆ, ಆಗಿ ದಾಟಿಹೋಗಿದೆ, ಈಗ ಅದರ ಹಿಡಿತ ಇಲ್ಲ. “ತಾ ಚ್ಯು ಲ ಬೆಯ್‌ಜಿಂಗ್” ಅಂದರೆ ಅವನು ಬೀಜಿಂಗಿಗೆ ಹೋದ. ಬೇರೆ ಏನೂ ಹೇಳದಿದ್ದರೆ ಅವನೀಗ ಇಲ್ಲಿಲ್ಲ, ಅಲ್ಲಿದ್ದಾನೆ ಅಂತ ತಿಳೀತಾರೆ. “ತಾ ಚ್ಯು ಗ್ವೊ ಬೆಯ್‌ಜಿಂಗ್” ಅಂದರೆ ಅವನಿಗೆ ಬೀಜಿಂಗ್ ನೋಡಿ ಗೊತ್ತು, ಹೋಗಿ ವಾಪಸ್ ಬಂದಿದ್ದಾನೆ. ಇಲ್ಲಿ ಕನ್ನಡ ಕೈ ಕೊಡುತ್ತದೆ. ‘ಬೀಜಿಂಗಿಗೆ ಹೋಗಿದ್ದಾನೆ’ ಅಂತ ಎರಡಕ್ಕೂ ಹೇಳ್ತೀವಿ. ‘ಮ್ಯಾನೇಜರ್ ಎಲ್ಲಿ?’ ಅಂತ ಕೇಳಿದವರಿಗೂ ‘ಹೋಗಿದ್ದಾರೆ’, ‘ಬೀಜಿಂಗ್ ನೋಡಿದ್ದಾರಾ?’ ಅಂತ ಕೇಳಿದವರಿಗೂ ‘ಹೋಗಿದ್ದಾರೆ’. ಅದಕ್ಕೆ ಒಂದು ಉಪಾಯ ಇದೆ. ಮನಸ್ಸಿನಲ್ಲಿ ‘ಹೋಗಿ ಬಂದಿದ್ದಾನೆ’ ಅಥವಾ ‘ಯಾವಾಗಲೋ ಒಂದು ಸಲ’ ಅಂತ ಸೇರಿಸಿ ನೋಡಿ. ಅರ್ಥ ಕೆಡದಿದ್ದರೆ ‘ಗ್ವೊ’, ಕೆಟ್ಟರೆ ‘ಲ’.

ಈ ‘ದಾಟಿಹೋಗಿದೆ’ ಅನ್ನೋ ಭಾವ ಎಷ್ಟು ಗಟ್ಟಿ ಅಂದರೆ ಅದರಿಂದ ಮನೆಯ ಮಾನವೇ ಹೋಗಬಹುದು. ಮನೆ ಓನರ್ ಆಂಟಿ ‘ಮದುವೆ ಆಗಿದೆಯಾ’ ಅಂತ ಕೇಳುತ್ತಾರೆ. ಉತ್ತರ “ವೊ ಜಿಯೆಹುನ್ ಲ”, ಮದುವೆ ಆಯ್ತು, ಸಂಸಾರಸ್ಥ. ಅದರ ಬದಲು “ವೊ ಜಿಯೆ ಗ್ವೊ ಹುನ್” ಅಂದರೆ ನನಗೆ ಒಂದು ಸಲ ಮದುವೆ ಆಗಿತ್ತು. ಈಗ ಇಲ್ಲ ಅಂತಲೋ, ಇದು ಎರಡನೆಯದು ಅಂತಲೋ ಆಂಟಿ ಅಂದುಕೊಳ್ಳುತ್ತಾರೆ, ಮುಂದಿನ ಪ್ರಶ್ನೆಗಳು ಅದರ ಮೇಲೇ ಬರುತ್ತವೆ. ಅಂದಹಾಗೆ ‘ಜಿಯೆಹುನ್’ ಒಳಗೆ ಕ್ರಿಯಾಪದ ‘ಜಿಯೆ’ ಮಾತ್ರ, ಆದ್ದರಿಂದಲೇ ‘ಗ್ವೊ’ ನಡುವೆ ತೂರಿಕೊಂಡಿತು. ಮತ್ತೆ ಆಗಲಾರದ ಘಟನೆಗೆ ‘ಗ್ವೊ’ ಕೂರೋದೇ ಇಲ್ಲ. ಒಬ್ಬರು ತೀರಿಕೊಂಡರು ಅನ್ನೋದಕ್ಕೆ ‘ಗ್ವೊ’ ಹಾಕಿದರೆ ಸತ್ತು ಬದುಕಿ ಬಂದವರ ಕಥೆ ಆಗುತ್ತದೆ.

‘ಮೆಯ್’ ಬಂದಾಗ ‘ಲ’ ಬೀಳುತ್ತದೆ ಅಂದೆನಲ್ಲ, ‘ಗ್ವೊ’ ಬೀಳೋದಿಲ್ಲ. “ವೊ ಮೆಯ್ ಚ್ಯು” ಅಂದರೆ ನಾನು ಹೋಗಲಿಲ್ಲ, ಮೊನ್ನೆಯ ಪಾರ್ಟಿಗೋ ಇವತ್ತಿನ ಮೀಟಿಂಗಿಗೋ. “ವೊ ಮೆಯ್ ಚ್ಯು ಗ್ವೊ” ಅಂದರೆ ನಾನು ಯಾವತ್ತೂ ಹೋದವನೇ ಅಲ್ಲ. ‘ಗ್ವೊ’ ಬಿಟ್ಟರೆ ಅರ್ಥವೇ ಬದಲಾಗುತ್ತದೆ, ಅದಕ್ಕೆ ಬಿಡೋ ಹಾಗಿಲ್ಲ.

ಇದಕ್ಕೆ ಹೊಂದದ ಒಂದು ‘ಗ್ವೊ’ ನಿಮ್ಮ ಕಿವಿಗೆ ದಿನಾ ಬೀಳುತ್ತಿರಬೇಕು: “ಛಿ ಗ್ವೊ ಲ ಮಾ?” ಬದುಕಿನಲ್ಲಿ ಒಂದು ಸಲವಾದರೂ ಉಂಡಿದ್ದೀಯಾ ಅಂತ ಅಲ್ಲ, ಸುಮ್ನೆ ‘ಊಟ ಆಯ್ತಾ?’ ಅಂತ. ಊಟದ ಹಾಗೆ ಆಗಲೇಬೇಕಾದ, ಎದುರುನೋಡುವ ಕೆಲಸ ಆಗಿಹೋಯಿತೇ ಅಂತ ಕೇಳುವಾಗ ಈ ‘ಗ್ವೊ’ ಬರುತ್ತದೆ, ಅದರ ಹಿಂದೆ ‘ಲ’ವೂ ಬರಬಹುದು. ಅನುಭವದ ‘ಗ್ವೊ’ ಹಿಂದೆ ಸಾಮಾನ್ಯವಾಗಿ ‘ಲ’ ಇರೋದಿಲ್ಲ. ಎರಡನ್ನೂ ಗುರುತಿಸೋಕೆ ಸದ್ಯಕ್ಕೆ ಅಷ್ಟು ಸಾಕು.

ಈಗ ನಿಮ್ಮ ಐದನೇ ವಾಕ್ಯ, ‘ಝ’ ಆದದ್ದು. “ವೊ ಛ್ವಾನ್ ಝ ಶಿನ್ ಛನ್‌ಷಾನ್ ಹ್ವೆಯ್ ಜಿಯಾ ಲ.” ಹೊಸ ಶರ್ಟ್ ಹಾಕ್ಕೊಂಡು ಮನೆಗೆ ಬಂದೆ. ‘ಛ್ವಾನ್’ ಅಂದರೆ ಬಟ್ಟೆ ಹಾಕಿಕೊಳ್ಳೋದು. ನೀವು ‘ಛ್ವಾನ್ ಲ’ ಅಂತ ಬರೆದಾಗ ತೋಳು ತೂರಿಸಿ ಗುಂಡಿ ಹಾಕಿದ ಕೆಲಸ ಮುಗಿಯಿತು ಅಂದ ಹಾಗಾಯಿತು. ನೀವು ಹೇಳಬೇಕಾದದ್ದು ಅದಲ್ಲ. ಶರ್ಟ್ ಮೈಮೇಲೆ ಇತ್ತು, ಇರುವಾಗಲೇ ಮನೆಗೆ ಬಂದಿರಿ. ಕ್ರಿಯೆ ಮುಗಿದು ಅದರ ಸ್ಥಿತಿ ಹಾಗೇ ಉಳಿದಿದ್ದರೆ ‘ಝ’.

ಇಲ್ಲಿ ಕನ್ನಡದವರು ಅದೃಷ್ಟವಂತರು. ನಮ್ಮಲ್ಲಿ ‘ಹಾಕ್ಕೊಳ್ತಿದ್ದಾನೆ’ ಬೇರೆ, ‘ಹಾಕ್ಕೊಂಡಿದ್ದಾನೆ’ ಬೇರೆ. ಮೊದಲನೆಯದು ಕನ್ನಡಿ ಮುಂದೆ ನಿಂತು ಗುಂಡಿ ಹಾಕುತ್ತಿರುವವನು: “ತಾ ದ್ಸಾಯ್ ಛ್ವಾನ್ ಯಿಫು.” ಎರಡನೆಯದು ಕೆಂಪು ಶರ್ಟಿನಲ್ಲಿ ಎದುರಿಗೆ ನಿಂತವನು: “ತಾ ಛ್ವಾನ್ ಝ ಹುಂಗ್ ಛನ್‌ಷಾನ್.” ‘-ತ್ತಿದ್ದಾನೆ’ ಅಂದಲ್ಲಿ ಕ್ರಿಯಾಪದದ ಮುಂದೆ ‘ದ್ಸಾಯ್’, ‘-ಕೊಂಡಿದ್ದಾನೆ’ ಅಂದಲ್ಲಿ ಹಿಂದೆ ‘ಝ’. ಬಾಗಿಲು ತೆರೆದಿದೆ, “ಮನ್ ಕಾಯ್ ಝ.” ಗೋಡೆ ಮೇಲೆ ಒಂದು ಮ್ಯಾಪ್ ನೇತುಹಾಕಿದೆ, “ಚಿಯಾಂಗ್ ಷಾಂಗ್ ಗ್ವಾ ಝ ಯಿ ಝಾಂಗ್ ದಿತು.” ಯಾರು ತೆರೆದರು, ಯಾರು ನೇತುಹಾಕಿದರು ಅನ್ನೋದು ಇಲ್ಲಿ ಯಾರಿಗೂ ಬೇಕಾಗಿಲ್ಲ.

ಇನ್ನೊಂದು ಕ್ರಿಯೆಯ ಮುಂದೆ ಬಂದಾಗ ‘ಝ’ ನಮ್ಮ ‘-ಕೊಂಡು’ ಆಗಿಬಿಡುತ್ತದೆ. ‘ದ್ಸೌ ಝ ಚ್ಯು’, ನಡ್ಕೊಂಡು ಹೋಗೋದು. ‘ಝಾನ್ ಝ ಛಿ’, ನಿಂತ್ಕೊಂಡು ತಿನ್ನೋದು. ‘ಶಿಯಾವ್ ಝ ಷ್ವೊ’, ನಕ್ಕೊಂಡು ಹೇಳೋದು. ಅಂಗಡಿಯವರು ಚೀಲ ಕೊಡುತ್ತಾ ‘ನಾ ಝ’ ಅಂದರೆ ‘ಹಿಡ್ಕೊಳ್ಳಿ’. ‘ದಂಗ್ ಝ’ ಅಂದರೆ ‘ಕಾಯ್ಕೊಂಡಿರು’. ಆದೇಶದಲ್ಲೂ ‘ಝ’ ಬರುತ್ತದೆ ಅಂದಮೇಲೆ ಇದಕ್ಕೂ ಕಾಲಕ್ಕೂ ಸಂಬಂಧ ಇಲ್ಲ ಅನ್ನೋದು ಖಚಿತ ಆಯ್ತಲ್ಲ. ಇದಕ್ಕೂ ಒಂದು ಮಿತಿ ಇದೆ. “ವಾಯ್‌ಮಿಯೆನ್ ಶಿಯಾ ಝ ಯು ನ” ಅಂದರೆ ಹೊರಗೆ ಮಳೆ ಸುರೀತಾ ಇದೆ. ಇಲ್ಲಿ ಕನ್ನಡದ ‘-ಕೊಂಡು’ ಹೊಂದೋದಿಲ್ಲ, ಆದರೂ ‘ಝ’ ಬಂತು. ಬದಲಾಗದೆ ಹಾಗೇ ಸಾಗುತ್ತಿರುವ ಹಿನ್ನೆಲೆ ಅನ್ನೋ ಅರ್ಥದಲ್ಲಿ.

‘ಝ’ ಇಟ್ಟ ಕ್ರಿಯಾಪದಕ್ಕೆ ಸಮಯದ ಅಳತೆ ಕಟ್ಟಬೇಡಿ. ಮೂರು ಗಂಟೆ ಕೂತಿದ್ದೆ ಅನ್ನೋಕೆ ‘ದ್ಸ್ವೊ ಝ’ ಅಲ್ಲ, “ದ್ಸ್ವೊ ಲ ಸಾನ್ ಗ ಶಿಯಾವ್‌ಷಿ”. ಮೂರು ಗಂಟೆ ಅಂತ ಅಳೆದ ಕೂಡಲೇ ಅದಕ್ಕೆ ಅಂಚು ಬಂತು, ಅಂಚು ಬಂದ ಮೇಲೆ ಅದು ‘ಲ’ದ ಪಾಲು. ಹಾಗೇ ಗೊತ್ತು, ಇಷ್ಟ ಇಂಥವುಗಳಿಗೆ ‘ಝ’ ಬೇಡ. ಅವು ಮೊದಲೇ ಸ್ಥಿತಿಗಳು.

ನಿಮ್ಮ ಹೋಂವರ್ಕಿನಲ್ಲಿ ಉಳಿದದ್ದು ಕೊನೆಯ ‘ಹ್ವೆಯ್ ಜಿಯಾ ಲ’. ಇದು ತುದಿಯ ‘ಲ’. ಮನೆಗೆ ಬಂದದ್ದಾಯ್ತು, ಕಥೆ ಅಲ್ಲಿಗೆ ನಿಂತಿತು. ಸಾಲಾಗಿ ನಡೆದದ್ದನ್ನು ಹೇಳುವಾಗ ಚೀನೀಯರು ಹೆಜ್ಜೆಹೆಜ್ಜೆಗೂ ‘ಲ’ ಚೆಲ್ಲುವುದಿಲ್ಲ, ಹೀಗೆ ಬೇಕಾದ ಕಡೆ ಇಟ್ಟು ಕೊನೆಯಲ್ಲಿ ಒಂದರಿಂದ ಮುಚ್ಚುತ್ತಾರೆ. ಪೂರ್ತಿ ಹೀಗೆ:

ದ್ಸ್ವೊತಿಯೆನ್ ಹನ್ ಲಂಗ್. ವೊ ಚ್ಯು ಷಿಛಾಂಗ್ ಮಾಯ್ ಲ ಸಾನ್ ಜಿಯೆನ್ ಛನ್‌ಷಾನ್. ವೊ ಮೆಯ್ ಮಾಯ್ ಶಿಯೆ. ಲಾವ್‌ಬಾನ್ ಷ್ವೊ ಹನ್ ಪಿಯೆನ್‌ಯಿ. ವೊ ಛ್ವಾನ್ ಝ ಶಿನ್ ಛನ್‌ಷಾನ್ ಹ್ವೆಯ್ ಜಿಯಾ ಲ.

ಮುಂದಿನ ಸಲ ಬರೆಯುವಾಗ ಮೊದಲು ಒಂದೂ ‘ಲ’ ಇಲ್ಲದೆ ಬರೆದು ನೋಡಿ, ‘ನಿನ್ನೆ’ ಅನ್ನೋದನ್ನು ಮಾತ್ರ ಮೊದಲ ವಾಕ್ಯದಲ್ಲಿ ಇಡಿ. ಆಮೇಲೆ ಎಣಿಕೆಯೋ ಅಳತೆಯೋ ಇರುವ ಕ್ರಿಯೆಗಳನ್ನು ಹುಡುಕಿ ಅವಕ್ಕೆ ‘ಲ’ ಕೊಡಿ. ‘-ಕೊಂಡು’ ಅಂತ ಬಾಯಿಗೆ ಬಂದ ಕಡೆ ‘ಝ’ ಇಡಿ. ‘ಆಯ್ತು’ ಅಂತ ಬಂದ ಕಡೆ ತುದಿಗೆ ‘ಲ’ ಇಡಿ. ನಿಮ್ಮ ಈ ಐದು ವಾಕ್ಯದಲ್ಲಿ ‘ಗ್ವೊ’ಗೆ ಜಾಗವೇ ಇರಲಿಲ್ಲ, ಯಾಕೆಂದರೆ ಎಲ್ಲವೂ ನಿನ್ನೆ ಅನ್ನೋ ಒಂದು ದಿನಕ್ಕೆ ಕಟ್ಟಿಹಾಕಿದ ಘಟನೆಗಳು. ಆ ಮಾರ್ಕೆಟ್ಟಿಗೆ ನೀವೂ ಹೋಗಿದ್ದೀರಾ ಅಂತ ಟೀಚರ್‌ನ ಕೇಳಬೇಕಾದರೆ ಬರುತ್ತದೆ: “ನಿನ್ ಚ್ಯು ಗ್ವೊ ನಾ ಗ ಷಿಛಾಂಗ್ ಮಾ?”